ಮರಗೆಣಸನ್ನು ಕೆಂಡಕ್ಕೆ ಹಾಕಬೇಡ ಮಾರಾಯ್ತಿ

"ಅಕ್ಕಾರ, ಇದನ್ನ ಗೆಣಸಿನ್ಹಂಗ ಕೆಂಡದಾಗ ಸುಟ್ಟರ ನಡೀತೈತೇನ್ರಿ?"

ಪಕ್ಕದ ಮನೆಯ ಸೊಸೆ ಬೇಲಿಯಾಚೆ ನಿಂತು ಸಂತೆಯಿಂದ ತಂದ ಮರಗೆಣಸನ್ನು ಎತ್ತಿ ತೋರಿಸಿದಳು. ಬೆಳಗಾವಿ ಕಡೆಯವಳು, ಸಿಹಿಗೆಣಸಿನ ಹೊಲ ನೋಡಿಕೊಂಡೇ ಬೆಳೆದವಳು. ನಮ್ಮ ಸುಳ್ಯದ ಕಡೆ ಬಂದ ಮೇಲೆಯೇ ಮರಗೆಣಸಿನ ಪರಿಚಯ.

"ಬೇಡ ಮಾರಾಯ್ತಿ," ಅಂದೆ. "ಸಿಹಿಗೆಣಸಾದರೆ ಸುಡು, ಸಿಪ್ಪೆ ಸಮೇತ ಬೇಯಿಸು, ಹಸಿ ಹೋಳು ಬಾಯಿಗೆ ಹಾಕಿಕೊಂಡರೂ ತೊಂದರೆ ಇಲ್ಲ. ಇದು ಹಾಗಲ್ಲ. ಸಿಪ್ಪೆ ತೆಗೆದು, ಸಣ್ಣ ಹೋಳು ಮಾಡಿ, ತುಂಬ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಲೇಬೇಕು."

"ಅಂಥಾದ್ದೇನೈತ್ರಿ ಇದರಾಗ?"

"ಲಿನಮರಿನ್ ಅಂತ ಒಂದು ಅಂಶ. ಅದನ್ನು ಒಡೆಯುವ ಕಿಣ್ವವೂ ಗೆಡ್ಡೆಯೊಳಗೇ ಇರುತ್ತದೆ, ಆದರೆ ಬೇರೆ ಜಾಗದಲ್ಲಿ. ಅರಿಶಿನ, ಸುಣ್ಣ ಬೇರೆಬೇರೆ ಇರುವವರೆಗೆ ಏನೂ ಇಲ್ಲ, ಸೇರಿದರೆ ಕೆಂಪಾಗುತ್ತದಲ್ಲ, ಹಾಗೆ. ಕೊಯ್ದಾಗ, ಜಗಿದಾಗ ಎರಡೂ ಸೇರಿ ಸೈನೈಡ್ ಹೊರಡುತ್ತದೆ. ಸಿಪ್ಪೆಯಲ್ಲಿ ಇದು ಹೆಚ್ಚು. ಬರೀ ಶಾಖಕ್ಕೆ ಲಿನಮರಿನ್ ಜಗ್ಗುವುದಿಲ್ಲ, ನೀರಿಗೆ ಇಳಿದು ಹೋಗಬೇಕು. ಕೆಂಡದಲ್ಲಿ ಇಟ್ಟರೆ ಅದು ಇಳಿಯುವುದಾದರೂ ಎಲ್ಲಿಗೆ?"

ಅವಳು ಕೈಯಲ್ಲಿದ್ದದ್ದನ್ನು ಸ್ವಲ್ಪ ದೂರ ಹಿಡಿದಳು. "ಹೆದರಬೇಡ, ಮೊದಲು ತುದಿ ಮುರಿದು ನೋಡು" ಅಂದೆ. ಒಂದು ಗೆಡ್ಡೆ ಪಟ್ಟನೆ ಮುರಿಯಿತು, ಒಳಗೆ ಸುಣ್ಣದಂಥ ಬಿಳಿ. ಇನ್ನೊಂದರ ಬಿಳಿಯ ನಡುವೆ ನೀಲಿಗಪ್ಪು ಗೆರೆಗಳು ಎದ್ದಿದ್ದವು.

"ಅದನ್ನು ತೆಗೆದಿಡು. ಕಿತ್ತು ಎರಡು ಮೂರು ದಿನ ಕಳೆದರೆ ಹೀಗೆ ಗೆರೆ ಬೀಳುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ರುಚಿಯೂ ಕೆಡುತ್ತದೆ. ಅದಕ್ಕೇ ಕೊಳ್ಳುವಾಗ ಒಂದರ ತುದಿ ಮುರಿಸಿಯೇ ನೋಡಬೇಕು. ಗಾಯ ಆಗಿರಬಾರದು, ಹುಳಿ ವಾಸನೆ ಇರಬಾರದು."

"ನಮ್ಮ ಗೆಣಸಿಗೆ ಹುಳ ಹೊಕ್ಕ ತೂತು ನೋಡತೀವ್ರಿ."

"ಸರಿಯೇ. ಹುಳ ಹೊಕ್ಕ ಸಿಹಿಗೆಣಸಿನ ಕಹಿ ಸುತ್ತಲಿನ ತಿರುಳಿಗೂ ಇಳಿದಿರುತ್ತದೆ. ತೂತಿನಷ್ಟೇ ಕೊರೆದು ತೆಗೆದರೆ ಸಾಲದು, ಆ ಗೆಣಸನ್ನೇ ಬಿಡಬೇಕು."

ಸಿಪ್ಪೆ ತೆಗೆಯುವುದನ್ನು ಬೇಲಿಯ ಮೇಲಿಂದಲೇ ತೋರಿಸಿದೆ. ನಾಲ್ಕು ಬೆರಳುದ್ದದ ತುಂಡು ಮಾಡಿ, ಉದ್ದಕ್ಕೆ ಒಂದು ಗೀರು ಎಳೆದು, ಚೂರಿಯ ಮೊನೆಯಿಂದ ಎಬ್ಬಿಸಿದರೆ ಕಂದು ಸಿಪ್ಪೆಯೂ ಅದರ ಅಡಿಯ ದಪ್ಪ ಪದರವೂ ಒಟ್ಟಿಗೆ ಸುರುಳಿಯಾಗಿ ಬರುತ್ತವೆ. ಬರೀ ಕಂದು ಹೆರೆದು ಬಿಟ್ಟರೆ ಆಗುವುದಿಲ್ಲ, ಅಡಿಯ ಪದರವೂ ಹೋಗಬೇಕು. ತುಂಡನ್ನು ಸೀಳಿ ನಡುವಿನ ನಾರು ಎಳೆದುಹಾಕಿ, ಸಣ್ಣ ಹೋಳು ಮಾಡಿ ನೀರಲ್ಲಿ ಹಾಕಿಡಬೇಕು.

"ಆಮೇಲೆ ಕುಕ್ಕರಿನಾಗ ಮೂರು ಸೀಟಿ?"

"ಕುಕ್ಕರಿಗೆ ಸ್ವಲ್ಪ ನೀರು ಹಾಕುತ್ತೇವೆ, ಮುಚ್ಚಳವೂ ಬಿಗಿ. ದೊಡ್ಡ ಪಾತ್ರೆ ಇಡು. ಹೋಳು ಒಂದು ಪಾಲಾದರೆ ನೀರು ಐದು ಪಾಲು. ಮುಚ್ಚಬೇಡ, ಹಬೆಯ ಜೊತೆ ಹೋಗುವುದು ಹೋಗಲಿ. ಅರ್ಧ ಗಂಟೆಯ ಹೊತ್ತಿಗೆ ಹೋಳು ಬಿರಿದು, ಸೌಟಿನಲ್ಲಿ ಒತ್ತಿದರೆ ಪುಡಿಯಾಗಬೇಕು. ನೀರು ಪೂರ್ತಿ ಬಸಿದು ಚೆಲ್ಲು, ಸಾರಿಗೆ ಬಳಸಬೇಡ. ಆಮೇಲೆ ಉಪ್ಪು, ಅರಿಶಿನ, ತೆಂಗಿನಕಾಯಿ, ಒಗ್ಗರಣೆ. ಬೆಂದ ಮೇಲೂ ಕಹಿ ಇದ್ದರೆ ತಿನ್ನಬೇಡ. ತಿಂದ ಯಾರಿಗಾದರೂ ತಲೆಸುತ್ತು, ವಾಂತಿ ಶುರುವಾದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಮಕ್ಕಳಾದರೆ ಇನ್ನೂ ಬೇಗ."

"ಉಳಿದಿದ್ದನ್ನ ಬುಟ್ಟಿಯಾಗ ಇಟ್ಟರ ತಿಂಗಳು ಬರತೈತೇನ್ರಿ, ಗೆಣಸಿನ್ಹಂಗ?"

"ಅದೂ ಇಲ್ಲ. ಸಿಹಿಗೆಣಸು ತೊಳೆಯದೆ ನೆರಳಲ್ಲಿ ಹರವಿಟ್ಟರೆ ವಾರದಲ್ಲಿ ಸಿಪ್ಪೆ ಗಟ್ಟಿಯಾಗಿ, ಗಾಯವೂ ಮಾಗಿ, ಗಾಳಿಯಾಡುವ ಬುಟ್ಟಿಯಲ್ಲಿ ವಾರಗಟ್ಟಲೆ ಇರುತ್ತದೆ. ಫ್ರಿಜ್ಜಿಗೆ ಮಾತ್ರ ಇಡಬಾರದು, ಒಳಗೆ ಗಟ್ಟಿಯಾಗಿ ಬೇಯುವುದೇ ಇಲ್ಲ. ಮರಗೆಣಸಿನದು ತಿರುಗಾಮುರುಗಾ. ಸಿಪ್ಪೆ ತೆಗೆದು ನೀರಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡು, ದಿನಾ ನೀರು ಬದಲಿಸಿದರೆ ಎರಡು ದಿನ ತಡೆಯುತ್ತದೆ. ಗಿಡ ಹಿತ್ತಲಲ್ಲೇ ಇದ್ದರೆ ಮಣ್ಣಿಗಿಂತ ಒಳ್ಳೆಯ ಉಗ್ರಾಣ ಇಲ್ಲ, ಬೇಕಾದಾಗ ಬೇಕಾದಷ್ಟೇ ಕೀಳಬೇಕು. ಮಲಯಾಳಿ ಮನೆಗಳಲ್ಲಿ ಹೋಳನ್ನು ಅರೆಬೇಯಿಸಿ, ನೀರು ಬಸಿದು ಬಿಸಿಲಿಗೆ ಒಣಗಿಸಿ ಮಳೆಗಾಲಕ್ಕೆ ಇಡುತ್ತಾರೆ. ವಾಟ್ಟುಕಪ್ಪ ಅಂತ ಹೆಸರು."

ಅವಳು ಸಿಪ್ಪೆಗಳನ್ನು ಒಟ್ಟುಮಾಡಿ ಕೊಟ್ಟಿಗೆಯ ಕಡೆ ತಿರುಗಿದಾಗ ಕೂಗಿ ನಿಲ್ಲಿಸಿದೆ. "ಅಕ್ಕಚ್ಚಿನ ಬಾಲ್ದಿಗೆ ಅದು ಬೇಡ! ಹಸಿ ಸಿಪ್ಪೆ, ಹಸಿ ಎಲೆ ತಿಂದು ದನ ಸಾಯುವುದುಂಟು. ಬೇಯಿಸಿದ ನೀರನ್ನೂ ದನಕ್ಕೆ ಕೊಡಬೇಡ. ಎಲ್ಲ ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಮಣ್ಣು ಎಳೆ."