ಅರ್ಜಿಯ ಹಿಂಬದಿ

ಕೋಚಿಂಗ್ ಸೆಂಟರಿನ ಅಡ್ಮಿಷನ್ ಫಾರಂನಲ್ಲಿ ಮುಂದಿನ ಪುಟ ನಮ್ಮದು, ಹಿಂದಿನದು ಅವರದು. ಮುಂದೆ ಮಗುವಿನ ಫೋಟೋ, ಅಪ್ಪನ ಕೆಲಸ, ಅಮ್ಮನ ಫೋನ್ ನಂಬರು. ಹಿಂದೆ ಇರುವೆ ಸಾಲಿನಂಥ ಅಕ್ಷರ. ಪಕ್ಕದ ಮನೆ ಶಾರದಮ್ಮ ಮಗಳ ನೀಟ್ ಕೋಚಿಂಗಿನ ಫಾರಂ ಹಿಡಿದು ಕಾಂಪೌಂಡಿನ ಹತ್ತಿರ ಬಂದಾಗ ಹಿಂಬದಿಯನ್ನು ತಿರುಗಿಸಿಯೇ ಇರಲಿಲ್ಲ.

"ರಾಯರೇ, ಐವತ್ತು ಪರ್ಸೆಂಟ್ ಸ್ಕಾಲರ್‌ಶಿಪ್ ಸಿಕ್ಕಿದೆ. ಇವತ್ತು ಸಂಜೆಯೊಳಗೆ ಕಟ್ಟಿದರೆ ಮಾತ್ರವಂತೆ. ಮಧ್ಯೆ ಬಿಟ್ಟರೆ ದುಡ್ಡು ವಾಪಸ್ ಕೊಡ್ತೀವಿ ಅಂತಾನೂ ಹೇಳಿದಾರೆ."

"ಯಾರು ಹೇಳಿದ್ದು?"

"ಕೌಂಟರಿನಲ್ಲಿದ್ದ ಹುಡುಗಿ. ತುಂಬಾ ಒಳ್ಳೆಯವಳು."

ಒಳ್ಳೆಯವಳೇ ಇರಬೇಕು. ಆದರೆ ಆಕೆ ಹೇಳಿದ್ದು ಎಲ್ಲೂ ಬರೆದಿಲ್ಲ. ಬರೆದಿರುವುದರ ಲೆಕ್ಕ ಹಾಕೋಣ ಎಂದು ಪೆನ್ಸಿಲ್ ತರಿಸಿದೆ. ಬ್ಯಾಂಕಿನವನ ಚಟ, ಬಿಡುವುದಿಲ್ಲ.

ಎರಡು ವರ್ಷದ ಕೋರ್ಸು, ಇಪ್ಪತ್ತನಾಲ್ಕು ತಿಂಗಳು. ನೋಂದಣಿ 6,000, ಪ್ರವೇಶ ಶುಲ್ಕ 20,000, ಪುಸ್ತಕ ಮತ್ತು ಟೆಸ್ಟ್ ಸರಣಿಗೆ 16,000. ಪಾಠದ ಫೀ 1,56,000. ಸ್ಕಾಲರ್‌ಶಿಪ್ ಕಳೆದು 78,000. ಒಟ್ಟು 1,20,000. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 21,600. ಶಾರದಮ್ಮ ಕಟ್ಟಬೇಕಾದದ್ದು 1,41,600.

ಹುಡುಗಿ ನಾಲ್ಕು ತಿಂಗಳು ಹೋಗಿ ಬಿಟ್ಟಳು ಅನ್ನಿ. ನಮ್ಮ ಲೆಕ್ಕ ಸುಲಭ. ತಿಂಗಳಿಗೆ ಐದು ಸಾವಿರ, ನಾಲ್ಕು ತಿಂಗಳಿಗೆ ಇಪ್ಪತ್ತು ಸಾವಿರ, ಒಂದು ಲಕ್ಷ ವಾಪಸ್ ಬರಬೇಕು. ಹಿಂಬದಿಯ ಲೆಕ್ಕ ಬೇರೆ. ನೋಂದಣಿ, ಪ್ರವೇಶ, ಪುಸ್ತಕದ ಹಣ ಯಾವ ಕಾರಣಕ್ಕೂ ಮರಳಿಸುವುದಿಲ್ಲ. ಅಲ್ಲಿಗೆ 42,000 ಹೋಯಿತು. ಅದರ ಕೆಳಗೆ ಇನ್ನೊಂದು ಸಾಲು: ವಿದ್ಯಾರ್ಥಿ ಕೋರ್ಸು ಬಿಟ್ಟರೆ ಸ್ಕಾಲರ್‌ಶಿಪ್ ರದ್ದಾಗುತ್ತದೆ. ಅಂದರೆ ಹೋದ ನಾಲ್ಕು ತಿಂಗಳಿಗೆ ಪೂರ್ತಿ ದರ, ತಿಂಗಳಿಗೆ 6,500ರಂತೆ 26,000. ಕಟ್ಟಿದ 78,000ದಲ್ಲಿ ಅದನ್ನು ಕಳೆದರೆ ಕೈಗೆ ಬರುವುದು 52,000. ಜಿಎಸ್‌ಟಿ ಸರ್ಕಾರಕ್ಕೆ ಹೋಗಿದೆ, ಅದನ್ನು ಕೇಳಬೇಡಿ.

"ಹಾಗಾದರೆ ಸ್ಕಾಲರ್‌ಶಿಪ್ ಕೊಟ್ಟಿದ್ದು ಯಾಕೆ?" ಅಂದರು ಶಾರದಮ್ಮ.

ಓಡಿಹೋಗದಿರಲಿ ಅಂತ.

ಜಿಎಸ್‌ಟಿ ಬಗೆಗಿನ ಆ ನೆಪ ಪೂರ್ತಿ ನಿಜವಲ್ಲ. ಕೊಡದ ಸೇವೆಗೆ ಹಣ ಮರಳಿಸುವಾಗ ಸಂಸ್ಥೆ ಕ್ರೆಡಿಟ್ ನೋಟ್ ಕೊಟ್ಟು ತನ್ನ ತೆರಿಗೆಯಲ್ಲಿ ಅಷ್ಟನ್ನು ಇಳಿಸಿಕೊಳ್ಳಬಹುದು. ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರ ತನಕ ಅದಕ್ಕೆ ಅವಕಾಶವಿದೆ. ಅದಕ್ಕೇ ಬಿಡುವುದಿದ್ದರೆ ಬೇಗ ಬಿಡಬೇಕು, ಬಿಟ್ಟದ್ದನ್ನು ಬೇಗ ಬರೆದುಕೊಡಬೇಕು.

ಇನ್ನು ದಿನಾಂಕದ ಆಟ. ಇದರ ಮುಂದೆ ಆ 52,000ವೂ ಖಾತ್ರಿಯಲ್ಲ. 'ಪ್ರವೇಶದ ಹದಿನೈದು ದಿನದೊಳಗೆ ಬಿಟ್ಟರೆ ಮಾತ್ರ ಮರುಪಾವತಿ' ಎಂದಿತ್ತು. ಪ್ರವೇಶ ಅಂದರೆ ಯಾವ ದಿನ? ದುಡ್ಡು ಕಟ್ಟಿದ ದಿನವಂತೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಮುಂಚೆ, ಜನವರಿಯಲ್ಲಿ ಕಟ್ಟಿಸಿಕೊಂಡು ಜೂನ್‌ನಲ್ಲಿ ಪಾಠ ಶುರುಮಾಡಿದರೆ, ಮಗು ಮೊದಲ ಪಾಠ ಕೇಳುವ ಹೊತ್ತಿಗೆ ಬಿಡುವ ಹಕ್ಕು ಮುಗಿದು ನಾಲ್ಕು ತಿಂಗಳು ಕಳೆದಿರುತ್ತದೆ. ಆ ಸಾಲಿನಲ್ಲಿ 'ಪಾಠ ಶುರುವಾದ ದಿನದಿಂದ' ಎಂದು ಪೆನ್ನಿನಲ್ಲಿ ತಿದ್ದಿ, ಪಕ್ಕದಲ್ಲಿ ಅವರ ಸಹಿ, ಸೀಲು ಕೇಳಿ. ಒಪ್ಪದಿದ್ದರೆ ಅವರ ಮನಸ್ಸಿನಲ್ಲಿ ಏನಿದೆ ಎಂದು ಆಗಲೇ ಗೊತ್ತಾಗುತ್ತದಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀ ಕಟ್ಟಿದ ವಿದ್ಯಾರ್ಥಿ ಮಧ್ಯೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಲೆಕ್ಕ ಹಾಕಿ ಮರಳಿಸಬೇಕು, ಅವರ ಹಾಸ್ಟೆಲಿನಲ್ಲಿದ್ದರೆ ಹಾಸ್ಟೆಲ್, ಮೆಸ್ ಹಣವನ್ನೂ ಹಾಗೆಯೇ. ಕೋರ್ಸಿನ ನಡುವೆ ಫೀ ಏರಿಸುವಂತಿಲ್ಲ. ಹತ್ತನೆಯ ತರಗತಿ ಪರೀಕ್ಷೆಗೆ ಮುಂಚೆ ಸೇರಿಸಿಕೊಳ್ಳುವಂತೆಯೂ ಇಲ್ಲ. ಆದರೆ ಇದು ಮಾರ್ಗಸೂಚಿ. ಜಾರಿ ಮಾಡುವ ಕೆಲಸ ರಾಜ್ಯಗಳದು. ಕೌಂಟರಿನಲ್ಲಿ ಝಾಡಿಸಲು ಇದು ಸಾಲದು. ರಿಫಂಡ್ ಕೇಳುವ ಪತ್ರದಲ್ಲಿ ಉಲ್ಲೇಖಿಸಿದರೆ ಮಾತ್ರ ತೂಕ ಬರುತ್ತದೆ.

ಹೊತ್ತು ಏರುತ್ತಿತ್ತು, ಶಾರದಮ್ಮನ ಕುಕ್ಕರ್ ಕೂಗುತ್ತಿತ್ತು. ಅವರು ಕದಲಲಿಲ್ಲ. "ಒಂದೇ ಸಲ ಕಟ್ಟೋದು ಕಷ್ಟ ಅಂದಿದ್ದಕ್ಕೆ ಬಡ್ಡಿ ಇಲ್ಲದ ಕಂತು ಮಾಡಿಕೊಡ್ತಾರಂತೆ."

ನಾನು ಹೆದರುವುದು ಇದಕ್ಕೇ. ಅದು ಕಂತಲ್ಲ, ಸಾಲ. ಫೋನಿಗೆ ಬರುವ ಒಂದು ಓಟಿಪಿ ಹೇಳಿದರೆ ಯಾವುದೋ ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಸಾಲ ಮಂಜೂರು ಮಾಡಿ, ಹಣವನ್ನು ನೇರ ಕೋಚಿಂಗಿನವರಿಗೆ ಕೊಡುತ್ತದೆ. ಮಗಳು ಕ್ಲಾಸು ಬಿಟ್ಟರೂ ಕಂತು ನಿಲ್ಲುವುದಿಲ್ಲ. ಬ್ಯಾಂಕಿಗೆ ಹೋಗಿ ಆಟೋ ಡೆಬಿಟ್ ರದ್ದು ಮಾಡಿಸಿದರೆ ಹಣ ಕಡಿತವಾಗುವುದು ನಿಲ್ಲುತ್ತದೆ, ಸಾಲ ನಿಲ್ಲುವುದಿಲ್ಲ. ಸಿಬಿಲ್ ಅಂಕ ಕುಸಿಯುತ್ತದೆ, ನಾಳೆ ಮನೆ ಸಾಲ ಕೇಳಿದಾಗ ನನ್ನಂಥ ಮ್ಯಾನೇಜರು ತಲೆ ಅಲ್ಲಾಡಿಸುತ್ತಾನೆ. ವಿದ್ಯಾರ್ಥಿ ಬಿಟ್ಟರೆ ಸಾಲವನ್ನು ಸಂಸ್ಥೆಯೇ ಮುಕ್ತಾಯ ಮಾಡಿ ಪತ್ರ ಕೊಡುತ್ತದೆ ಎಂದು ಫಾರಂನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಅವರಿಗೇ ನೇರ ಚೆಕ್ ಕೊಡುತ್ತೇನೆ ಎಂದು ಕೇಳುವುದು ಕ್ಷೇಮ.

ಕೋರ್ಸು ಬದಲಿಸುವ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಪಿಯು ಮೊದಲ ವರ್ಷದಲ್ಲೇ ಬಯಾಲಜಿ ಬೇಡ, ಎಂಜಿನಿಯರಿಂಗ್ ಸಾಕು ಅನ್ನುವ ಮಕ್ಕಳು ಎಷ್ಟಿಲ್ಲ! ನೀಟ್‌ನಿಂದ ಜೆಇಇ ಬ್ಯಾಚಿಗೆ ಹೋಗುವುದು ವರ್ಗಾವಣೆ ಅಂದುಕೊಂಡಿರುತ್ತೇವೆ. ಈ ಫಾರಂ ಪ್ರಕಾರ ಅದು ಹಳೆಯ ಪ್ರವೇಶದ ರದ್ದು, ಅಂದಿನ ದರದಲ್ಲಿ ಹೊಸ ಪ್ರವೇಶ. ಹಳೆಯ ಸ್ಕಾಲರ್‌ಶಿಪ್ ಬರುವುದಿಲ್ಲ, ಪ್ರವೇಶ ಶುಲ್ಕ ಮತ್ತೆ. ಕಟ್ಟಿದ್ದರಲ್ಲಿ ಎಷ್ಟು ಹೊಸ ಕೋರ್ಸಿಗೆ ಜಮೆಯಾಗುತ್ತದೆ ಎಂಬ ಅಂಕಿ ಎಲ್ಲೂ ಇರಲಿಲ್ಲ. ಅದನ್ನು ಬರೆಸಿಕೊಳ್ಳಬೇಕು. ತಮಾಷೆಯೆಂದರೆ ಅವರು ಬದಲಿಸಿದರೆ ಏನೂ ಇಲ್ಲ. ಬ್ಯಾಚು ಸೇರಿಸಬಹುದು, ಶಾಖೆ ಊರಾಚೆ ಒಯ್ಯಬಹುದು, ನೇರ ಪಾಠವನ್ನು ಆನ್‌ಲೈನ್ ಮಾಡಬಹುದು. ಇವಕ್ಕೆಲ್ಲ 'ಸಂಸ್ಥೆಗೆ ಹಕ್ಕಿದೆ' ಎಂಬ ಒಂದೇ ಸಾಲು. ಹಾಗಾದಾಗ ಕಡಿತವಿಲ್ಲದೆ ಬಿಡುವ ಹಕ್ಕು ನಮಗೂ ಬೇಕು.

"ಕೊನೆಯಲ್ಲಿ ದೆಹಲಿ ಕೋರ್ಟು ಅಂತ ಏನೋ ಇದೆಯಲ್ಲ ರಾಯರೇ?"

ಅದೊಂದು ಬೆದರುಬೊಂಬೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಅಲ್ಲಿ ನಿಲ್ಲುವುದು ಕಾಗದ ಮಾತ್ರ: ಸಹಿ ಹಾಕಿದ ಫಾರಂನ ಎರಡೂ ಬದಿಯ ಫೋಟೋ, ಪ್ರತಿ ಕಂತಿನ ರಸೀದಿ, ಬಿಡುತ್ತೇವೆಂದು ಕಳಿಸಿದ ಇಮೇಲು. ಬಾಯಲ್ಲಿ ಹೇಳಿ ಬಂದರೆ ಬಿಟ್ಟ ದಿನವೇ ಸಾಬೀತಾಗುವುದಿಲ್ಲ. ಅರ್ಧ ಹಣ ಕೊಟ್ಟು 'ಇನ್ನೇನೂ ಬಾಕಿ ಇಲ್ಲ' ಎಂದು ಸಹಿ ಕೇಳಿದರೆ ಹಾಕಬೇಡಿ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನೋಡಿ. ಅಲ್ಲಿ ಬಗೆಹರಿಯದಿದ್ದರೆ ಆಯೋಗ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.