ಮೈಕು ಹಿಡಿದ ಅಕ್ಕ

ಫೆಬ್ರುವರಿ ಬಂತೆಂದರೆ ನಮ್ಮ ಶಾಲೆಗಳಲ್ಲಿ ಮಾವಿನ ಹೂವಿನ ಜೊತೆಗೆ ಭಾಷಣಗಳೂ ಬಿಡುತ್ತವೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಸಾಲಾಗಿ ಕೂರಿಸಿ ಅತಿಥಿಗಳು, ಅಧ್ಯಕ್ಷರು, ಮುಖ್ಯ ಶಿಕ್ಷಕರು ಒಬ್ಬರಾದ ಮೇಲೊಬ್ಬರು ಧೈರ್ಯ ತುಂಬುತ್ತಾರೆ. ಕೊನೆಗೆ, ಎಲ್ಲರ ಕಣ್ಣೂ ಊಟದ ಕಡೆ ಹೊರಳಿದ ಹೊತ್ತಿಗೆ, ಶಾಲಾ ನಾಯಕಿಯನ್ನು ಕರೆದು ‘ಮೂರೇ ನಿಮಿಷ’ ಎನ್ನುತ್ತಾರೆ. ಬರಿಯ ಹೈಸ್ಕೂಲಾದರೆ ನಾಯಕಿ ತಾನೂ ಹತ್ತನೆಯ ತರಗತಿಯವಳೇ, ಧೈರ್ಯ ಹೇಳುವವಳಿಗೂ ಕೇಳುವವರಿಗೂ ಒಂದೇ ಹಾಲ್ ಟಿಕೆಟ್ಟು. ಒಂದನೆಯ ತರಗತಿಗೂ ಮುಂಚಿನಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಯಂಥ ಕಡೆ ಮಾತ್ರ ನಾಯಕಿ ದ್ವಿತೀಯ ಪಿಯುಸಿಯವಳಾಗಿರಬಹುದು. ನನ್ನ ವಾದ ಈ ಎರಡನೆಯ ಅಕ್ಕನ ಕುರಿತದ್ದು: ಆ ವೇದಿಕೆಯ ಮೇಲೆ ಉಪಯೋಗಕ್ಕೆ ಬರುವ ಮಾತಾಡಬಲ್ಲವಳು ಅವಳೊಬ್ಬಳೇ, ಆದರೆ ಅವಳ ಕೈಗೆ ನಾವು ಕೊಡುವುದು ಅತಿಥಿಗಳು ಆಡಿ ಮಿಕ್ಕ ಮಾತನ್ನು.

ಆ ಮಿಕ್ಕ ಮಾತು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗಿ ಆಸೀನರ ಪಟ್ಟಿ ಮುಗಿಯುವಷ್ಟರಲ್ಲಿ ಮೂರರಲ್ಲಿ ಒಂದು ನಿಮಿಷ ಖರ್ಚು. ಉಳಿದ ಎರಡರಲ್ಲಿ ಪರೀಕ್ಷೆ ಒಂದು ಹಬ್ಬ, ಪರೀಕ್ಷೆ ಒಂದು ಯುದ್ಧ. ಎರಡರಲ್ಲಿ ಯಾವುದೆಂದು ಖಚಿತಪಡಿಸಿದರೆ ಮಕ್ಕಳು ಹೋಳಿಗೆಗಾದರೂ ಕತ್ತಿಗಾದರೂ ಸಿದ್ಧರಾಗುತ್ತಿದ್ದರು. ನಡುನಡುವೆ ‘ಭಯಪಡಬೇಡಿ’ ಬರುತ್ತದೆ. ಹತ್ತು ಸಲ ‘ಹಾವಿಲ್ಲ, ಹಾವಿಲ್ಲ’ ಎಂದು ಹೇಳಿ ಕತ್ತಲೆಯ ಕೋಣೆಗೆ ಕಳಿಸಿದರೆ ಎಂಥವನಾದರೂ ಕಾಲು ಮೇಲೆತ್ತಿಕೊಂಡೇ ಹೋಗುತ್ತಾನೆ. ಇನ್ನು ‘ನೀವೆಲ್ಲರೂ ಗೆದ್ದೇ ಗೆಲ್ಲುತ್ತೀರಿ’ ಎಂಬ ವರಪ್ರದಾನ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ, ಶಾಲೆಯಿಂದ ಮೊದಲ ಸಲ ಬರೆದ ಮಕ್ಕಳ ಪೈಕಿ ಪಾಸಾದವರು ಶೇಕಡಾ 66.14. ಅಂದರೆ ಈ ವರ ಪಡೆದು ಕೂತವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಅದು ಫಲಿಸಲಿಲ್ಲ. ದೇವರುಗಳೇ ಇಷ್ಟು ಧಾರಾಳವಾಗಿ ವರ ಕೊಡುವುದಿಲ್ಲ, ಹದಿನೇಳರ ಹುಡುಗಿಯ ಬಾಯಲ್ಲಿ ನಾವು ಅದನ್ನು ಹೇಳಿಸುತ್ತೇವೆ.

ಹಾಗಾದರೆ ಅವಳು ಹೇಳಬೇಕಾದದ್ದೇನು? ಲೆಕ್ಕ. ಗಣಿತದ ಪತ್ರಿಕೆಯನ್ನೇ ತೆಗೆದುಕೊಳ್ಳಿ, ಏಕೆಂದರೆ ಎದೆ ಹೆಚ್ಚು ಹೊಡೆದುಕೊಳ್ಳುವುದು ಅದಕ್ಕೇ. ಇತ್ತೀಚಿನ ವರ್ಷಗಳಲ್ಲಿ ಅದು 38 ಪ್ರಶ್ನೆಗಳ, 80 ಅಂಕಗಳ ಪತ್ರಿಕೆ. ಎಂಟು ಬಹು ಆಯ್ಕೆ, ಇನ್ನೂ ಎಂಟು ಒಂದು ಅಂಕದವು, ಎಂಟು ಎರಡು ಅಂಕದವು, ಒಂಬತ್ತು ಮೂರರವು, ನಾಲ್ಕು ನಾಲ್ಕರವು, ಕೊನೆಗೆ ಐದು ಅಂಕದ್ದು ಒಂದೇ ಒಂದು. ಒಂದು ಮತ್ತು ಎರಡು ಅಂಕದವನ್ನಷ್ಟೇ ಕೂಡಿಸಿದರೆ 32 ಆಗುತ್ತದೆ. ಬರವಣಿಗೆಯ 80ರಲ್ಲಿ 28 ಬಂದರೆ ಪಾಸು ಎನ್ನುತ್ತಿದ್ದ ಕಾಲದಲ್ಲೂ ಈ ಸಣ್ಣಪುಟ್ಟ ಪ್ರಶ್ನೆಗಳೇ ದಡ ಮುಟ್ಟಿಸಬಲ್ಲವಾಗಿದ್ದವು. ‘ಪ್ರಮೇಯ ಬರುವುದಿಲ್ಲ, ನಾನು ಫೇಲು’ ಎಂದು ರಾತ್ರಿ ದಿಂಬು ಒದ್ದೆ ಮಾಡುವ ಹುಡುಗನಿಗೆ ‘ಧೈರ್ಯವೇ ಸರ್ವತ್ರ ಸಾಧನ’ ಎಂದರೆ ದಿಂಬು ಒಣಗುವುದಿಲ್ಲ. 32 ಎಂಬ ಸಂಖ್ಯೆಗೆ ಆ ಗುಣವಿದೆ.

ಎರಡನೆಯ ಲೆಕ್ಕ ಗಡಿಯಾರದ್ದು. ಬರೆಯಲು ಮೂರು ಗಂಟೆ, ಅಂದರೆ 180 ನಿಮಿಷ. ಎಂಬತ್ತು ಅಂಕಕ್ಕೆ ಹಂಚಿದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಮೂರು ಅಂಕದ ಪ್ರಶ್ನೆಗೆ ಏಳು ನಿಮಿಷದ ಒಳಗೆ, ಕೊನೆಯ ಐದು ಅಂಕದ್ದಕ್ಕೆ ಹನ್ನೊಂದು ನಿಮಿಷದ ಸುಮಾರಿಗೆ. ಈಗ ಒಬ್ಬ ಜಾಣ ಹುಡುಗಿ ಆ ಐದು ಅಂಕದ ಪ್ರಶ್ನೆಯ ಜೊತೆ ಜಗಳಕ್ಕೆ ಬಿದ್ದು ಅರ್ಧ ಗಂಟೆ ಕೂತಳೆನ್ನಿ. ಹತ್ತೊಂಬತ್ತು ನಿಮಿಷ ಸಾಲವಾಯಿತು. ಎರಡೂಕಾಲರ ಬೆಲೆಯಲ್ಲಿ ಅದು ಎಂಟು ಅಂಕ. ಐದರ ಆಸೆಗೆ ಎಂಟು ಕೊಟ್ಟು ಬಂದ ಹಾಗೆ. ಸಂತೆಯಲ್ಲಿ ಹೀಗೆ ವ್ಯಾಪಾರ ಮಾಡಿದವರನ್ನು ಮನೆಯಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಮಾಡಿದವರಿಗೆ ‘ಟೈಮೇ ಸಾಲಲಿಲ್ಲ’ ಎಂಬ ಗೌರವದ ಸಮಜಾಯಿಷಿ ಸಿಗುತ್ತದೆ. ಈ ಸಾಲ ತಪ್ಪಿಸಲೆಂದೇ ಪತ್ರಿಕೆ ಓದಲು ಬೇರೆಯಾಗಿ 15 ನಿಮಿಷ ಕೊಟ್ಟಿದ್ದಾರೆ. ಹೆಚ್ಚಿನ ಮಕ್ಕಳು ಅದನ್ನು ಕುಲದೇವರಿಗೂ, ಪಕ್ಕದ ಬೆಂಚಿನವನ ಮುಖ ನೋಡುವುದಕ್ಕೂ ಸಮವಾಗಿ ಹಂಚುತ್ತಾರೆ. ಅದು ‘ಅಥವಾ’ ಎಂದಿರುವ ಕಡೆಯಲ್ಲೆಲ್ಲ ಯಾವ ದಾರಿ ಎಂದು ತೀರ್ಮಾನಿಸುವ ಹೊತ್ತು, ಯಾವುದನ್ನು ಕೊನೆಗೆ ಬಿಡುವುದೆಂದು ಗುರುತಿಟ್ಟುಕೊಳ್ಳುವ ಹೊತ್ತು. ಬಿಟ್ಟದ್ದಕ್ಕೂ ಕೊನೆಯಲ್ಲಿ ಸೂತ್ರ ಬರೆದು ಬೆಲೆ ತುಂಬಿ ಬಂದರೆ, ಮೌಲ್ಯಮಾಪಕರು ಹಂತಕ್ಕಿಷ್ಟೆಂದು ಅಂಕ ಕೊಡುವುದರಿಂದ, ಅರ್ಧವೋ ಒಂದೋ ಗಿಟ್ಟುತ್ತದೆ. ಖಾಲಿ ಪುಟಕ್ಕೆ ಅಂಕ ಕೊಡುವ ಮೌಲ್ಯಮಾಪಕ ಇನ್ನೂ ಹುಟ್ಟಿಲ್ಲ.

ಇಷ್ಟೆಲ್ಲ ಮೇಷ್ಟರು ಹೇಳಿರುವುದಿಲ್ಲವೇ ಎಂದು ಕೇಳಬಹುದು. ಹೇಳಿರುತ್ತಾರೆ, ಜೂನ್ ತಿಂಗಳಿಂದ ಹೇಳಿರುತ್ತಾರೆ. ತೊಂದರೆ ಅದೇ. ಎಂಟೊಂಬತ್ತು ತಿಂಗಳು ಕೇಳಿದ ದನಿ ಫ್ಯಾನಿನ ಸದ್ದಿನ ಹಾಗೆ, ನಿಂತಾಗಲೇ ಗೊತ್ತಾಗುವುದು. ಮೇಷ್ಟರು ಎಸ್ಸೆಸ್ಸೆಲ್ಸಿ ಬರೆದು ಯಾವ ಕಾಲವಾಯಿತೋ, ಅಕ್ಕ ಬರೆದು ಎರಡೇ ವರ್ಷ. ಅದೇ ಪತ್ರಿಕೆಯ ಮಾದರಿ, ಅದೇ ಪರೀಕ್ಷಾ ಕೇಂದ್ರದ ಅಲುಗಾಡುವ ಡೆಸ್ಕು. ಅವಳೇನು ರ‍್ಯಾಂಕ್ ಬಂದವಳೇ ಎಂಬುದು ಇನ್ನೊಂದು ಆಕ್ಷೇಪ. ಬಂದಿರದಿದ್ದರೆ ಇನ್ನೂ ಒಳ್ಳೆಯದು. ಎಲ್ಲವನ್ನೂ ಬಲ್ಲವರಿಗೆ ಯಾವುದನ್ನು ಬಿಡಬೇಕೆಂಬ ವಿದ್ಯೆ ಬೇಕಾಗಿರುವುದಿಲ್ಲ, ಐದು ಅಂಕದ ಪ್ರಶ್ನೆಗೆ ಹತ್ತೊಂಬತ್ತು ನಿಮಿಷ ಹೆಚ್ಚು ತೆತ್ತವಳಿಗೇ ಅದರ ರುಚಿ ಗೊತ್ತು.

ಗಟ್ಟಿಯಾದ ಆಕ್ಷೇಪವೆಂದರೆ ಇದು: ಲೆಕ್ಕ ಹೇಳಿದರೆ ಮಕ್ಕಳು 32ಕ್ಕೇ ತೃಪ್ತರಾಗಿ ಮಲಗಿಬಿಡುತ್ತಾರೆ. ಅದರ ಮೇಲೆ, 2024ರಿಂದ ‘ಪೂರಕ ಪರೀಕ್ಷೆ’ ಎಂಬ ಅಳುಮೋರೆಯ ಹೆಸರು ಹೋಗಿ ‘ಪರೀಕ್ಷೆ-2’ ಬಂದಿದೆ ಎಂದೂ ಹೇಳಿದರೆ ಕೆಟ್ಟೇಹೋಯಿತು. ಇದರಲ್ಲಿ ಸ್ವಲ್ಪ ನಿಜವಿದೆ. ಮಲಗುವವರು ಇರುತ್ತಾರೆ, ಆದರೆ ಅವರು ಹಬ್ಬ-ಯುದ್ಧಗಳ ಭಾಷಣ ಕೇಳುತ್ತಲೇ ಮಲಗಿದವರು. ಹೆದರಿದವರ ಮಾತು ಬೇರೆ. ಹಿತ್ತಿಲ ಬಾಗಿಲು ಇದೆಯೆಂದು ಗೊತ್ತಾದ ಮಾತ್ರಕ್ಕೆ ಯಾರೂ ಮುಂಬಾಗಿಲಿಗೆ ಬೀಗ ಜಡಿಯುವುದಿಲ್ಲ, ಮನೆಯೊಳಗೆ ಉಸಿರಾಟ ಸಲೀಸಾಗುತ್ತದೆ ಅಷ್ಟೆ. ಬೆವರುವ ಕೈಯಲ್ಲಿ ಪೆನ್ನು ಜಾರುವ ಹುಡುಗ 32ನ್ನು ಮೊದಲು ಜೇಬಿಗಿಳಿಸಿಕೊಂಡರೆ, ಮಿಕ್ಕ 48ರ ಕಡೆ ಕೈ ಚಾಚುವ ಸಂಭವ ಹೆಚ್ಚೇ ಹೊರತು ಕಡಿಮೆಯಲ್ಲ.

ಭಾಷಣ ಹೀಗಿದ್ದರೆ ಸಾಕು: ‘ತಮ್ಮಂದಿರೇ, ತಂಗಿಯರೇ, ಮೊದಲ ಕಾಲು ಗಂಟೆ ಪೆನ್ನು ಮುಟ್ಟಬೇಡಿ, ಓದಿ. ಸಣ್ಣ ಪ್ರಶ್ನೆಗಳಲ್ಲೇ 32 ಅಂಕ ಇದೆ, ಅವನ್ನು ಮೊದಲು ಮುಗಿಸಿ. ಯಾವ ಪ್ರಶ್ನೆಯ ಜೊತೆಗೂ ಜಗಳಕ್ಕೆ ನಿಲ್ಲಬೇಡಿ, ಸುತ್ತು ಹಾಕಿ ಮುಂದೆ ಹೋಗಿ, ಆಮೇಲೆ ಬನ್ನಿ. ಯಾವ ಪುಟವನ್ನೂ ಖಾಲಿ ಬಿಡಬೇಡಿ. ಅನುಮಾನವಿದ್ದರೆ ಊಟಕ್ಕೆ ಕೂತಾಗ ನನ್ನ ಹತ್ತಿರ ಬನ್ನಿ.’ ಒಂದು ನಿಮಿಷವೂ ಹಿಡಿಯದು. ಉಳಿದ ಎರಡು ನಿಮಿಷವನ್ನು ವೇದಿಕೆಯ ಆಸೀನರು ಅವಳಿಗೆ ಬಿಟ್ಟುಕೊಡಬೇಕೆಂದು ವಿನಂತಿ, ವಂದನಾರ್ಪಣೆಯವರೂ ಸ್ವಲ್ಪ ಚುಟುಕಾಗಲಿ. 2025ರಲ್ಲಿ ಎಸ್ಸೆಸ್ಸೆಲ್ಸಿ ಶುರುವಾದದ್ದು ಮಾರ್ಚ್ 21ಕ್ಕೆ, ದ್ವಿತೀಯ ಪಿಯುಸಿ ಮುಗಿದದ್ದು ಮಾರ್ಚ್ 20ಕ್ಕೆ. ತಮ್ಮ ತಂಗಿಯರಿಗಿಂತ ಸುಮಾರು ಮೂರು ವಾರ ಮೊದಲೇ, ಮಾರ್ಚ್ 1ರಂದು, ಅಕ್ಕನಿಗೆ ಕನ್ನಡ ಪರೀಕ್ಷೆ ಇತ್ತು.