ಶೆಟ್ಟರೂ ದೋಸೆ ಕಾವಲಿಯೂ

ಪಾತ್ರೆ ಅಂಗಡಿಯ ಶೆಟ್ಟರು ಮಾತಿಗೆ ಬಡವರಲ್ಲ. ಕುಕ್ಕರಿನ ಗ್ಯಾಸ್ಕೆಟ್ ಕೇಳಿಕೊಂಡು ಬಂದವರಿಗೆ ಇಡ್ಲಿ ಪಾತ್ರೆಯನ್ನೂ ಕಟ್ಟಿ ಕಳಿಸುವ ಪೈಕಿ. ಅಂಥವರು ಕಾಂಪೌಂಡಿನ ಆಚೆಯಿಂದ ಫೋನು ಚಾಚಿ, "ನೋಡಿ, ನಗಬೇಡಿ" ಅಂದರು. ಮಗಳು ಹಟ ಹಿಡಿದು ಮಾಡಿಸಿದ ವಿಡಿಯೊ. ಶೆಟ್ಟರು ಬೀಡಿನ ದೋಸೆ ಕಾವಲಿಯನ್ನು ಎದೆಗವಚಿಕೊಂಡು, ಠಾಣೆಯಲ್ಲಿ ಹೇಳಿಕೆ ಕೊಡುವವರ ಹಾಗೆ ಒದರುತ್ತಿದ್ದರು. ಮುಖವೆಲ್ಲ ಕತ್ತಲೆ, ಬೆನ್ನ ಹಿಂದಿನ ಬೀದಿ ಮಾತ್ರ ಫಳಫಳ.

"ಮಾತಾಡುವಾಗ ಎಲ್ಲಿ ನೋಡ್ತಿದ್ರಿ?" ಅಂದೆ.

"ಸ್ಕ್ರೀನಲ್ಲಿ. ಮೀಸೆ ಸರಿಯಾಗಿದೆಯಾ ಅಂತ."

ಅಲ್ಲೇ ಇರುವುದು ರೋಗ. ಗಿರಾಕಿಯ ಜೊತೆ ಮಾತಾಡುವಾಗ ನಮ್ಮ ಮುಖ ನಮಗೆ ಕಾಣುವುದಿಲ್ಲ, ಹಾಗಾಗಿ ಮಾತು ಸರಾಗ. ಸೆಲ್ಫಿ ಕ್ಯಾಮೆರಾ ಎದುರಿಗಿಟ್ಟುಕೊಂಡರೆ ಮಾತಾಡುವವನೂ ನಾನೇ, ತಪ್ಪು ಹುಡುಕುವವನೂ ನಾನೇ. ಸಾಲದ್ದಕ್ಕೆ ಲೆನ್ಸ್ ಇರುವುದು ಫೋನಿನ ನೆತ್ತಿಯಲ್ಲಿ. ಕಣ್ಣು ಸ್ಕ್ರೀನಿನ ನಡುವೆ ಇದ್ದರೆ, ನೋಡುವವರಿಗೆ ನೀವು ಅವರ ಅಂಗಿ ಗುಂಡಿ ಎಣಿಸುತ್ತಿರುವಂತೆ ಕಾಣುತ್ತದೆ.

ಅದಕ್ಕೇ ಫೋನು ತಿರುಗಿಸಿ ಅಂದೆ. ಹಿಂದಿನ ಕ್ಯಾಮೆರಾದಲ್ಲಿ ಚಿತ್ರವೂ ಚೆನ್ನ, ನಿಮ್ಮ ಮುಖದ ಕಾಟವೂ ಇಲ್ಲ. ಮೀಸೆಯನ್ನು ಮೊದಲೇ ಕನ್ನಡಿಯಲ್ಲಿ ನೋಡಿಕೊಂಡರಾಯಿತು. ಲೆನ್ಸ್ ನಿಮ್ಮ ಕಣ್ಣಿನ ಎತ್ತರಕ್ಕೆ ಬರುವಂತೆ ಸ್ಟೂಲಿನ ಮೇಲೆ ಡಬ್ಬಗಳನ್ನು ಪೇರಿಸಿ. ಲೆನ್ಸಿನ ಪಕ್ಕದಲ್ಲೇ ಮನೆಯವರ ಸ್ಟಿಕ್ಕರ್ ಬಿಂದಿಯೊಂದನ್ನು ಅಂಟಿಸಿ, ಕಣ್ಣಿಗೊಂದು ಗುರಿ ಸಿಗುತ್ತದೆ. ಮಗಳು ಫೋನಿನ ಹಿಂದೆಯೇ ಮುಖ ತಂದು ಕೂತು ತಲೆಯಾಡಿಸುತ್ತಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ಅಡಿ ದೂರ ಸಾಕು. ತೀರಾ ಹತ್ತಿರವಾದರೆ ಕಣ್ಣು ಕೂದಲೆಳೆ ಸರಿದರೂ ಗೊತ್ತಾಗುತ್ತದೆ, ತೀರಾ ದೂರವಾದರೆ ಮೈಕಿಗೆ ನಿಮಗಿಂತ ಬೀದಿಯ ಆಟೋನೇ ಚೆನ್ನಾಗಿ ಕೇಳುತ್ತದೆ. ಹಾಗಂತ ಲೆನ್ಸನ್ನೇ ಗುರಾಯಿಸುವುದೂ ಬೇಡ. ಕಾವಲಿ ತೋರಿಸುವಾಗ ಕಾವಲಿಯನ್ನೇ ನೋಡಿ. ನೀವು ನೋಡಿದ್ದನ್ನೇ ಅವರೂ ನೋಡುತ್ತಾರೆ.

"ಮುಖ ಕಪ್ಪಾಗಿದ್ದು? ಮಗಳು ಆನ್‌ಲೈನಲ್ಲಿ ರಿಂಗ್ ಲೈಟ್ ತರಿಸ್ತೀನಿ ಅಂತಾಳೆ."

ದುಡ್ಡು ಗಲ್ಲಾದಲ್ಲೇ ಇರಲಿ. ಶೆಟ್ಟರು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರು. ಹೊರಗಿನ ಬಿಸಿಲಿಗೆ ಫೋನು ಬೆಳಕನ್ನು ತಗ್ಗಿಸಿಕೊಂಡಿತು, ಮುಖ ಮುಳುಗಿತು. ಜಾಗ ಅದಲುಬದಲು ಮಾಡಿದರೆ ಮುಗಿಯಿತು: ಫೋನು ಬಾಗಿಲ ಕಡೆ, ಶೆಟ್ಟರು ಹೊಸಿಲಿನಿಂದ ನಾಲ್ಕೈದು ಅಡಿ ಒಳಗೆ, ಬೀದಿಗೆ ಮುಖ ಮಾಡಿ. ನೇರ ಬಿಸಿಲು ಮಾತ್ರ ಮುಖಕ್ಕೆ ಹೊಡೆಯಬಾರದು, ಕಣ್ಣು ಕಿರಿದಾಗುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಆರಿಸಿ, ಅದು ಹುಬ್ಬಿನ ಕೆಳಗೆ ನೆರಳು ಚೆಲ್ಲುತ್ತದೆ. ಪಾತ್ರೆ ಅಂಗಡಿಗೆ ಇನ್ನೊಂದು ಪೀಡೆಯೂ ಉಂಟು. ಬೆನ್ನ ಹಿಂದಿನ ಸ್ಟೀಲ್ ತಟ್ಟೆಗಳು ಬಾಗಿಲ ಬೆಳಕನ್ನು ಲೆನ್ಸಿಗೇ ಎಸೆಯುತ್ತವೆ. ಅವನ್ನು ಸ್ವಲ್ಪ ಓರೆ ಮಾಡಿಡಿ. ಮತ್ತೆ, ಶುರು ಮಾಡುವ ಮುಂಚೆ ಸ್ಕ್ರೀನಿನಲ್ಲಿ ನಿಮ್ಮ ಮುಖದ ಮೇಲೆ ಮಗಳು ಬೆರಳನ್ನು ಒತ್ತಿ ಹಿಡಿಯಲಿ. ಹೆಚ್ಚಿನ ಫೋನುಗಳಲ್ಲಿ ಬೆಳಕು ಅಲ್ಲಿಗೆ ಕಟ್ಟಿಬೀಳುತ್ತದೆ. ಇಲ್ಲದಿದ್ದರೆ ಕರೀ ಕಾವಲಿ ಎದುರು ಬಂದ ಕೂಡಲೇ ಕತ್ತಲಾಯಿತೆಂದು ಫೋನು ಬೆಳಕು ಏರಿಸುತ್ತದೆ, ನೀವು ಸುಣ್ಣ ಬಳಿದುಕೊಂಡವರಾಗುತ್ತೀರಿ.

ಇನ್ನು ಮಾತು. "ನಮ್ಮ ಮಳಿಗೆಗೆ ತಮಗೆಲ್ಲರಿಗೂ ಹೃತ್ಪೂರ್ವಕ ಸ್ವಾಗತ" ಅಂತ ಮಗಳು ಬರೆದುಕೊಟ್ಟಿದ್ದನ್ನು ಉರು ಹೊಡೆದಿದ್ದರು. ಅಂಗಡಿಯಲ್ಲಿ ಯಾವತ್ತಾದರೂ ಹಾಗೆ ಮಾತಾಡಿದ್ದುಂಟೇ?

"ಕಾವಲಿ ಕೊಂಡವರು ನಿಮ್ಮನ್ನ ಏನು ಕೇಳ್ತಾರೆ?"

"ಹೊಸದರಲ್ಲಿ ದೋಸೆ ಏಳಲ್ಲ ಅಂತಾರೆ."

"ಏನು ಹೇಳ್ತೀರಿ?"

"ಮೊದ್ಲು ಚೆನ್ನಾಗಿ ತೊಳೀರಿ, ಒಲೆ ಮೇಲಿಟ್ಟು ನೀರು ಆರಿಸಿ. ಆಮೇಲೆ ಎಣ್ಣೆ ತೆಳ್ಳಗೆ ಸವರಿ, ಹೊಗೆಯಾಡೋ ತನಕ ಕಾಯಿಸಿ, ತಣ್ಣಗಾಗಲಿ. ಹೀಗೇ ನಾಲ್ಕೈದು ಸಲ."

ವಿಡಿಯೊ ಆಗಿಯೇ ಹೋಯಿತಲ್ಲ! ಗಿರಾಕಿಯ ಪ್ರಶ್ನೆಯಿಂದಲೇ ಶುರು. ತೊಳೆಯುವುದು ಒಂದು ತುಂಡು, ಎಣ್ಣೆ ಸವರುವುದು ಒಂದು, ಕಾಯಿಸುವುದು ಇನ್ನೊಂದು. ಪ್ರತಿ ತುಂಡಿನ ಕೊನೆಗೆ ಬಾಯಿ ಮುಚ್ಚಿ ಎರಡು ಸೆಕೆಂಡು ಸುಮ್ಮನಿರಿ, ಮಗಳಿಗೆ ಕತ್ತರಿಸಲು ಜಾಗ ಬೇಕು. ತಪ್ಪಿದರೆ ಆ ತುಂಡನ್ನಷ್ಟೇ ಮತ್ತೆ ಹೇಳಿ. ಹೆದರಿದವರು ಓಡುತ್ತಾರೆ, ಓಡಿದವರು ವಾಕ್ಯದ ಬಾಲ ನುಂಗುತ್ತಾರೆ. ನಮ್ಮ ಕನ್ನಡದಲ್ಲಿ ಜೀವ ಇರುವುದೇ ಬಾಲದಲ್ಲಿ. "ಸೋಪು ಹಾಕಿ ಉಜ್ಜ…" ಅಂತ ನುಂಗಿದರೆ ಉಜ್ಜಬೇಕೋ ಉಜ್ಜಬಾರದೋ? ಒಂದೇ ಉಸಿರಲ್ಲಿ ಕೊನೆಯ ಪದದವರೆಗೂ ದನಿ ಉಳಿಯದಿದ್ದರೆ ಆ ವಾಕ್ಯವನ್ನು ಎರಡು ಮಾಡಿ.

ಮಾರನೆಯ ಬೆಳಿಗ್ಗೆ, ಪೇಟೆ ಗದ್ದಲ ಏಳುವ ಮುಂಚೆ, ಫ್ಯಾನು ಆರಿಸಿ ವಿಡಿಯೊ ತೆಗೆದರು. ಚೆನ್ನಾಗಿಯೇ ಬಂದಿತ್ತು. ಶೆಟ್ಟರದ್ದು ಮಾತ್ರ ಹೊಸ ರಾಗ: "ನನ್ನ ದನಿ ಇಷ್ಟು ತೆಳ್ಳಗಾ? ಫೋನೇ ಸರಿಯಿಲ್ಲ."

ನಾವು ಮಾತಾಡುವಾಗ ನಮ್ಮ ದನಿ ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ, ಅದಕ್ಕೇ ನಮಗೆ ಗಡಸಾಗಿ ಕೇಳುತ್ತದೆ, ಫೋನಿನಲ್ಲಿ ಆ ಪಾಲು ಇರುವುದಿಲ್ಲ ಅಂತ ವಿವರಿಸಲು ಹೊರಟೆ. ಬಟ್ಟೆ ಒಣಗಿಸುತ್ತಿದ್ದ ಅವರ ಮನೆಯವರು ತಿರುಗಿಯೂ ನೋಡದೆ ಅಂದರು: "ಮದುವೆಯಾದಾಗಿನಿಂದ ನಾನು ಕೇಳ್ತಿರೋದು ಇದೇ ದನಿ."